ಕಡಲಾಚೆಯ ಬಂಧುಗಳಿಗೆ ಬರೆವ ಓಲೆ: ಸಂಬೋಧನೆ, ಸಂಕೇತಚಿತ್ರ, ಮುಕ್ತಾಯ

ಒಂದು ಕುಟುಂಬದ ಜನ ಎರಡು ಮೂರು ದೇಶಗಳಲ್ಲಿ ಹರಡಿ ಬಾಳುವುದು ಈಗ ನಮ್ಮಲ್ಲಿ ಅಪೂರ್ವವಾದ ಸಂಗತಿಯಲ್ಲ. ಅಜ್ಜಿ ಸಾಗರದಲ್ಲಿ, ಮಗ ಬೆಂಗಳೂರಿನಲ್ಲಿ, ಮೊಮ್ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಮೊಮ್ಮಗಳು ಅಮೆರಿಕದ ಡಲ್ಲಾಸಿನಲ್ಲಿ ಇರುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಇಂತಹ ಮನೆಗಳಲ್ಲಿ ದಿನವೂ ಓಡಾಡುವ ಕಿರುಸಂದೇಶಗಳು ಎರಡು ಮೂರು ಭಾಷೆಗಳಲ್ಲಿರುತ್ತವೆ. ಆ ಭಾಷೆಗಳೊಡನೆ ಬಣ್ಣದ ಸಂಕೇತಚಿತ್ರಗಳೂ, ಅಂದರೆ ಎಮೋಜಿಗಳೂ ಬೆರೆತಿರುತ್ತವೆ. ಅಲ್ಲಿ ಪದೇ ಪದೇ ಕೇಳಿಬರುವ ದೂರು ಒಂದುಂಟು: ಮಕ್ಕಳ ಉತ್ತರ ತಣ್ಣಗಿದೆಯೆಂದು ಹಿರಿಯರು ನೊಂದುಕೊಳ್ಳುತ್ತಾರೆ, ಹಿರಿಯರ ಮಾತು ಬರಿಯ ಅಪ್ಪಣೆಯಂತಿದೆಯೆಂದು ಕಿರಿಯರು, ಅದರಲ್ಲಿಯೂ ಅನ್ಯದೇಶದಿಂದ ಬಂದ ಸೊಸೆ ಅಳಿಯಂದಿರು, ಮುದುಡಿಕೊಳ್ಳುತ್ತಾರೆ. ಇಬ್ಬರಲ್ಲಿಯೂ ಪ್ರೀತಿಗೆ ಕೊರತೆಯಿಲ್ಲ. ಕೊರತೆಯಿರುವುದು ಪ್ರೀತಿಯನ್ನು ಓಲೆಯ ಯಾವ ಭಾಗದಲ್ಲಿ ಹುಡುಕಬೇಕೆಂಬ ತಿಳಿವಳಿಕೆಯಲ್ಲಿ. ಯಾವ ಭಾಷೆ ಬೆಚ್ಚಗಿನದು, ಯಾವುದು ತಣ್ಣನೆಯದು ಎಂದು ತೂಗಿ ನೋಡುವುದಕ್ಕಿಂತ, ಒಂದೊಂದು ಭಾಷೆಯೂ ತನ್ನ ಆದರವನ್ನು ಸಂಬೋಧನೆಯಲ್ಲಿಡುತ್ತದೆಯೋ, ವಿಚಾರಣೆಯಲ್ಲಿಡುತ್ತದೆಯೋ, ಕ್ರಿಯಾಪದದ ತುದಿಯಲ್ಲಿಡುತ್ತದೆಯೋ, ಮುಕ್ತಾಯದಲ್ಲಿಡುತ್ತದೆಯೋ ಎಂದು ವಿಚಾರಿಸುವುದು ಹೆಚ್ಚು ಫಲಪ್ರದವೆಂಬುದು ಈ ಲೇಖನದ ಪ್ರತಿಜ್ಞೆ.

ಮೊದಲು ನಮ್ಮ ಹಳೆಯ ಕಾಗದವನ್ನೇ ನೋಡಬಹುದು. ಕನ್ನಡದ ಕುಟುಂಬಪತ್ರಕ್ಕೆ ನಿಯತವಾದ ಅಂಗಗಳಿದ್ದುವು. ಹಾಳೆಯ ನೆತ್ತಿಯ ಮೇಲೆ ‘ಶ್ರೀ’ ಅಥವಾ ‘ಕ್ಷೇಮ’, ಅದರ ಕೆಳಗೆ ಊರು, ತಾರೀಖು, ಆಮೇಲೆ ಸಂಬೋಧನೆ. ತಂದೆಗೆ ಬರೆಯುವುದಾದರೆ ‘ತೀರ್ಥರೂಪರವರ ಚರಣಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು’, ತಾಯಿಗಾದರೆ ‘ಮಾತೃಶ್ರೀಯವರಿಗೆ’, ಚಿಕ್ಕಪ್ಪ ಮಾವಂದಿರಿಗಾದರೆ ‘ತೀರ್ಥರೂಪ ಸಮಾನರಾದ’, ಕಿರಿಯರಿಗಾದರೆ ‘ಚಿರಂಜೀವಿಗೆ ಆಶೀರ್ವಾದಗಳು’. ಅದರ ಹಿಂದೆಯೇ ‘ಉಭಯ ಕುಶಲೋಪರಿ’ ಎಂದೋ, ‘ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂದೋ ಕುಶಲದ ಮಾತು. ವಿಷಯ ಬರುತ್ತಿದ್ದುದು ಅದಾದ ಮೇಲೆಯೇ. ಕೊನೆಯಲ್ಲಿ ‘ಇತಿ ತಮ್ಮ ವಿಧೇಯ’ ಎಂಬ ಅಂಕಿತ. ಈ ಚೌಕಟ್ಟಿನಲ್ಲಿ ಕೃತಕತೆಯಿತ್ತೆಂದು ಹೇಳುವವರುಂಟು; ಸಿದ್ಧವಾಕ್ಯಗಳಲ್ಲಿ ಹೃದಯವೆಲ್ಲಿಯದು ಎಂದು ಅವರ ಪ್ರಶ್ನೆ. ಆದರೆ ಸಿದ್ಧವಾಕ್ಯಕ್ಕೂ ಆರ್ದ್ರತೆಗೂ ಹಗೆತನವಿಲ್ಲ. ಮರಾಠಿಯ ನೆರೆಯಲ್ಲಿ ಬೆಳೆದ ಮನೆಗಳವರು ಬಲ್ಲಂತೆ, ಆ ಭಾಷೆಯ ಕಾಗದಗಳಲ್ಲಿ ಹಿರಿಯರಿಗೆ ಶಿರಸಾಷ್ಟಾಂಗ ನಮಸ್ಕಾರವೆಂಬುದರ ಮೊದಲಕ್ಷರಗಳಾದ ‘ಶಿ. ಸಾ. ನ.’ ಎಂದೂ, ಕಿರಿಯರಿಗೆ ಅನೇಕ ಉತ್ತಮ ಆಶೀರ್ವಾದವೆಂಬುದರ ಮೊದಲಕ್ಷರಗಳಾದ ‘ಅ. ಉ. ಆ.’ ಎಂದೂ ಬರೆಯುವ ವಾಡಿಕೆಯಿತ್ತು. ಮೂರೇ ಅಕ್ಷರಗಳಿಗೆ ಇಳಿದ ಆ ಆಶೀರ್ವಾದವನ್ನು ಓದಿದ ಮಗ ಅದನ್ನು ತಣ್ಣನೆಯದೆಂದು ಭಾವಿಸಲಿಲ್ಲ. ಸಂಕ್ಷೇಪ ಇಂದಿನ ದೂರವಾಣಿಯೊಡನೆ ಹುಟ್ಟಿದ್ದಲ್ಲ; ಅದರಿಂದಲೇ ಸ್ನೇಹ ಬತ್ತಿತೆಂದು ಹೇಳುವುದೂ ಸರಿಯಲ್ಲ.

ಈ ಚೌಕಟ್ಟಿನಲ್ಲಿ ಗಮನಿಸಬೇಕಾದ ಮುಖ್ಯಾಂಶ ಬೇರೊಂದಿದೆ. ನಮ್ಮ ಓಲೆಯ ಆದರಕ್ಕೆ ದಿಕ್ಕು ಉಂಟು. ನಮಸ್ಕಾರ ಕಿರಿಯರಿಂದ ಹಿರಿಯರಿಗೆ ಏರುತ್ತದೆ; ಆಶೀರ್ವಾದ ಹಿರಿಯರಿಂದ ಕಿರಿಯರಿಗೆ ಇಳಿಯುತ್ತದೆ. ಯಾರು ಯಾರಿಗೆ ಏನಾಗಬೇಕೆಂಬುದು ಮೊದಲ ಸಾಲಿನಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಅಲ್ಲಿ ನಿರ್ಧಾರವಾದ ಸಂಬಂಧವೇ ಮುಂದಿನ ಪ್ರತಿಯೊಂದು ಕ್ರಿಯಾಪದದಲ್ಲಿಯೂ ಮರುಧ್ವನಿಸುತ್ತದೆ. ‘ಬಂದೆಯಾ’, ‘ಬಂದಿರಾ’, ‘ಬಂದ್ಯೇನೋ’, ‘ಬಂದ್ಯೇನೇ’ ಎಂಬ ನಾಲ್ಕು ರೂಪಗಳಲ್ಲಿ ವಿಷಯವೊಂದೇ. ಸಂಬಂಧ ಮಾತ್ರ ಬೇರೆ ಬೇರೆ. ಎಷ್ಟೋ ಮನೆಗಳಲ್ಲಿ ಮಕ್ಕಳು ತಂದೆಯನ್ನು ‘ನೀವು’ ಎಂದೂ ತಾಯಿಯನ್ನು ‘ನೀನು’ ಎಂದೂ ಕರೆಯುತ್ತಾರೆ. ಅಲ್ಲಿ ‘ನೀನು’ ಎಂಬುದು ಅನಾದರವಲ್ಲ, ಮಡಿಲಿಗೆ ಹತ್ತಿರವಾದ ಸಲಿಗೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು ಯೂರೋಪಿನ ಭಾಷೆಗಳ ಮಧ್ಯಮಪುರುಷ ಸರ್ವನಾಮಗಳನ್ನು ಪರಿಶೀಲಿಸಿ, ಅವುಗಳ ಆಯ್ಕೆಯನ್ನು ಹಿರಿತನ ಮತ್ತು ಸಾಮೀಪ್ಯ ಎಂಬ ಎರಡು ತತ್ತ್ವಗಳು ಆಳುತ್ತವೆಂದು ತೋರಿಸಿದರು. ಕನ್ನಡದ ಕುಟುಂಬದಲ್ಲಿ ಈ ಎರಡು ತತ್ತ್ವಗಳೂ ಒಂದೇ ಸಂಬೋಧನೆಯೊಳಗೆ ಸೇರಿಕೊಂಡಿರುತ್ತವೆ: ‘ಅಜ್ಜಿ’ ಎಂಬ ಕರೆಯಲ್ಲಿ ಗೌರವವೂ ಸಲುಗೆಯೂ ಏಕಕಾಲಕ್ಕೆ ಇವೆ. ಆದುದರಿಂದಲೇ ಕನ್ನಡದವರು ‘ಪ್ರೀತಿ’ ಎಂಬುದನ್ನು ಬೇರೆಯಾಗಿ ಉಚ್ಚರಿಸುವುದು ಕಡಿಮೆ. ಮಗನಿಗೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಬರೆಯುವ ತಾಯಿ ನಮ್ಮಲ್ಲಿ ವಿರಳ. ‘ಊಟ ಆಯ್ತಾ ಕಂದಾ’ ಎಂದು ಬರೆಯದ ತಾಯಿಯೂ ಅಷ್ಟೇ ವಿರಳ.

ಇನ್ನು ಇಂಗ್ಲಿಷಿನ ಕಡೆ ತಿರುಗೋಣ. ಆ ಭಾಷೆಯಲ್ಲಿ ‘ಡಿಯರ್’ ಎಂಬ ಸಂಬೋಧನೆ ತಾಯಿಗೂ ಸಲ್ಲುತ್ತದೆ, ತೆರಿಗೆಯ ಅಧಿಕಾರಿಗೂ ಸಲ್ಲುತ್ತದೆ. ದೀರ್ಘಕಾಲದ ಬಳಕೆಯಿಂದ ಅದರ ಸ್ನೇಹಾಂಶ ಸವೆದುಹೋಗಿದೆ. ಮಧ್ಯಮಪುರುಷಕ್ಕೆ ‘ಯೂ’ ಎಂಬ ಒಂದೇ ಸರ್ವನಾಮ. ಕ್ರಿಯಾಪದದ ತುದಿಯಲ್ಲಿ ಸಂಬಂಧದ ಗುರುತು ಏನೂ ಇಲ್ಲ. ಹೀಗಿರಲಾಗಿ ಆ ಭಾಷೆಯವರು ತಮ್ಮ ಸ್ನೇಹವನ್ನು ಓಲೆಯ ತುದಿಯಲ್ಲಿ ಬೇರೆಯಾಗಿಯೇ ಇಡಬೇಕಾಗುತ್ತದೆ. ‘ಲವ್’ ಎಂದು ಬರೆದು ಅದರ ಕೆಳಗೆ ಹೆಸರು. ಬ್ರಿಟನ್ನಿನಲ್ಲಿಯಾದರೆ ಅದರ ಮುಂದೆ ಮುತ್ತಿನ ಸಂಕೇತವಾದ ಕತ್ತರಿ ಗುರುತು ಒಂದೆರಡು. ಈ ಕತ್ತರಿ ಗುರುತು ಒಂದಿದ್ದುದು ಇಲ್ಲವಾದರೆ ಅಲ್ಲಿನವರು ಏನೋ ಮುನಿಸೆಂದು ತಿಳಿಯುತ್ತಾರೆ. ನಮ್ಮವರು ಮೊದಲ ಸಾಲಿನಲ್ಲಿ ಹುಡುಕುವುದನ್ನು ಅವರು ಕೊನೆಯ ಸಾಲಿನಲ್ಲಿ ಹುಡುಕುತ್ತಾರೆ.

ಜರ್ಮನ್ ಭಾಷೆ ಇವೆರಡರ ನಡುವಿನದು. ಅಲ್ಲಿ ‘ಡು’ ಮತ್ತು ‘ಜೀ’ ಎಂಬ ಎರಡು ಸರ್ವನಾಮಗಳುಂಟು. ಮನೆಯೊಳಗೆ ಹಿರಿಯರಿಗೂ ಕಿರಿಯರಿಗೂ ‘ಡು’ ಒಂದೇ. ಅಂದರೆ ಸಾಮೀಪ್ಯವನ್ನು ಆ ಭಾಷೆ ಗುರುತಿಸುತ್ತದೆ, ಕುಟುಂಬದೊಳಗಿನ ಹಿರಿತನವನ್ನು ಸರ್ವನಾಮದಲ್ಲಿ ಗುರುತಿಸುವುದಿಲ್ಲ. ಮುಕ್ತಾಯದಲ್ಲಿ ಮಾತ್ರ ಮೆಟ್ಟಿಲುಗಳಿವೆ: ಕಚೇರಿಯ ಪತ್ರಕ್ಕೆ ‘ಮಿಟ್ ಫ್ರೊಯಿಂಟ್‌ಲಿಖೆನ್ ಗ್ರ್ಯೂಸೆನ್’, ಪರಿಚಿತರಿಗೆ ‘ಫೀಲೆ ಗ್ರ್ಯೂಸೆ’, ಬಂಧುಮಿತ್ರರಿಗೆ ‘ಲೀಬೆ ಗ್ರ್ಯೂಸೆ’. ಮೊದಲನೆಯದನ್ನು ಅಜ್ಜಿಗೆ ಬರೆದ ಮೊಮ್ಮಗನನ್ನು ಆಕೆ ‘ನನ್ನ ಮೇಲೆ ನಿನಗೇನು ಕೋಪ?’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಪೋಲಿಷ್ ಭಾಷೆಯ ದಾರಿ ಇನ್ನೊಂದು. ಆ ಭಾಷೆಯವರು ಹೆಸರುಗಳನ್ನೂ ಬಂಧುವಾಚಕಗಳನ್ನೂ ಮುದ್ದಿನ ಪ್ರತ್ಯಯಗಳಿಂದ ಮೃದುಗೊಳಿಸುತ್ತಾರೆ. ಆ ಭಾಷೆಯಲ್ಲಿ ಹುಟ್ಟಿ ಇಂಗ್ಲಿಷ್ ಮಾತಿನ ನಾಡಿನಲ್ಲಿ ನೆಲೆಸಿದ ಆನಾ ವಿಯೆಜ್‌ಬಿಟ್ಸ್ಕಾ ಎಂಬ ಭಾಷಾವಿಜ್ಞಾನಿ, ಇಂಗ್ಲಿಷಿನ ಸೌಜನ್ಯವನ್ನೇ ಲೋಕದ ಸೌಜನ್ಯದ ಅಳತೆಗೋಲಾಗಿ ಹಿಡಿಯುವುದು ತಪ್ಪೆಂದು 1985ರಿಂದಲೂ ಪ್ರತಿಪಾದಿಸುತ್ತ ಬಂದರು. ನಮ್ಮ ‘ಪುಟ್ಟಾ’, ‘ಮರೀ’, ‘ಕಂದಾ’ ಎಂಬ ಕರೆಗಳನ್ನು ಬಲ್ಲವರಿಗೆ ಆ ಪ್ರತಿಪಾದನೆ ಸುಲಭವಾಗಿ ಮನದಟ್ಟಾಗುತ್ತದೆ.

ಅರಬ್ಬೀ ಸಲಾಮಿನಲ್ಲಿ ಮತ್ತೊಂದು ಸೂಕ್ಷ್ಮವುಂಟು. ಬಂದ ವಂದನೆಗೆ ಅದಕ್ಕಿಂತ ಮಿಗಿಲಾದ ವಂದನೆಯನ್ನು, ಇಲ್ಲವೆ ಅದಕ್ಕೆ ಸಮನಾದುದನ್ನು ಹಿಂದಿರುಗಿಸಬೇಕೆಂಬುದು ಕುರಾನಿನ ಆದೇಶ. ಆದುದರಿಂದ ಸಲಾಮಿಗೆ ಉತ್ತರ ಕೊಡುವವರು ಶಾಂತಿಯ ಜೊತೆಗೆ ಕರುಣೆಯನ್ನೂ, ಕರುಣೆಯ ಜೊತೆಗೆ ಸಮೃದ್ಧಿಯನ್ನೂ ಸೇರಿಸಿ ಹರಸುತ್ತಾರೆ. ಮಂಗಳೂರು, ಭಟ್ಕಳಗಳಿಂದ ಕೊಲ್ಲಿ ದೇಶಗಳಿಗೆ ಹೋದ ಮುಸಲ್ಮಾನ ಕುಟುಂಬಗಳಲ್ಲಿ ಬ್ಯಾರಿ ಅಥವಾ ನವಾಯತಿ ಮಾತಿನ ಸಂದೇಶಕ್ಕೂ ತಲೆಯಲ್ಲಿ ಸಲಾಮ್ ಇದ್ದೇ ಇರುತ್ತದೆ. ಇಲ್ಲಿ ಆದರವು ವಾಕ್ಯದಲ್ಲಿಲ್ಲ, ವಿನಿಮಯದಲ್ಲಿದೆ. ಉತ್ತರ ಬಾರದ ಸಲಾಮ್ ಅಪೂರ್ಣ. ಪಾರಸಿಯವರ ‘ಕುರ್ಬಾನತ್’ ಎಂಬ ಅಂಕಿತ, ಅಂದರೆ ‘ನಿನಗಾಗಿ ನಾನು ಬಲಿಯಾದೇನು’ ಎಂಬ ಮಾತು, ನಮ್ಮ ಕಿವಿಗೆ ಅತ್ಯುಕ್ತಿಯಾಗಿ ಕೇಳಿದರೂ ಅವರಲ್ಲಿ ನಿತ್ಯದ ನುಡಿ. ಜಪಾನಿಯರು ಇದಕ್ಕೆ ನೇರ ವಿರುದ್ಧ. ಅವರ ವಿಧ್ಯುಕ್ತ ಪತ್ರ ‘ಹೈಕೈ’ ಎಂದು ಆರಂಭವಾಗಿ ‘ಕೇಗು’ ಎಂದು ಮುಗಿಯುತ್ತದೆ. ಆರಂಭದ ಬೆನ್ನಿಗೇ ಋತುವನ್ನು ಕುರಿತ ಒಂದು ಮಾತು ಬರುತ್ತದೆ. ಚಳಿ ಹೆಚ್ಚಿತು, ದೇಹವನ್ನು ಜೋಪಾನವಾಗಿ ನೋಡಿಕೊಳ್ಳಿ ಎಂಬ ಆ ಮಾತಿನಲ್ಲಿ ಅವರ ಆದರವೆಲ್ಲ ಅಡಗಿರುತ್ತದೆ.

ಸಂಕೇತಚಿತ್ರಗಳ ಚರಿತ್ರೆ ಆರಂಭವಾಗುವುದು ಈ ಜಪಾನಿನಲ್ಲಿಯೇ. ವಿರಾಮಚಿಹ್ನೆಗಳಿಂದ ನಗುಮುಖವನ್ನು ಕಟ್ಟಬಹುದೆಂದು ಅಮೆರಿಕದ ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರಿನಲ್ಲಿ ಸೂಚಿಸಿದ್ದುಂಟು. ಆದರೆ ದೂರವಾಣಿಯ ಮೇಲಿನ ಚಿತ್ರಾಕ್ಷರಗಳು 1990ರ ದಶಕದ ಕೊನೆಯ ಜಪಾನಿನವು. ಅವುಗಳಲ್ಲಿ ಪ್ರಸಿದ್ಧವಾದುದು ಶಿಗೆತಾಕ ಕುರಿತ ಎಂಬವರು 1999ರಲ್ಲಿ ಅಲ್ಲಿನ ಡೊಕೊಮೊ ಸಂಸ್ಥೆಗಾಗಿ ರಚಿಸಿದ 176 ಚಿತ್ರಗಳ ಸಮೂಹ. ಒಂದೊಂದು ಚಿತ್ರವೂ 12 ಅಡ್ಡ 12 ಚುಕ್ಕೆಗಳ ಚೌಕದಲ್ಲಿ ಹಿಡಿಯತಕ್ಕದ್ದು. ಆ ಕಾಲದ ಜಪಾನೀ ದೂರವಾಣಿಯ ಅಂಚೆಯಲ್ಲಿ ಒಂದು ಸಂದೇಶಕ್ಕೆ 250 ಅಕ್ಷರಗಳ ಮಿತಿ; ಅಷ್ಟರೊಳಗೆ ಋತುವಿನ ಮಾತಿಗೂ ವಿನಯದ ಪೀಠಿಕೆಗೂ ಎಡೆಯಿಲ್ಲ. ಪೀಠಿಕೆಯಿಲ್ಲದ ಮಾತು ಜಪಾನಿಯರಿಗೆ ಒರಟಾಗಿ ಕೇಳಿಸಿತು. ಆ ಕೊರತೆಯನ್ನು ಒಂದು ಹೃದಯ, ಒಂದು ಸೂರ್ಯ, ಒಂದು ನಗುಮುಖ ತುಂಬಿದುವು. ಕ್ರಿಯಾಪದದಲ್ಲಿ ವಿನಯದ ಮೆಟ್ಟಿಲುಗಳಿರುವ ಭಾಷೆಗೆ ಸಂಕೇತಚಿತ್ರ ಬೇಕಾದುದೇಕೆಂದು ಕೇಳುವವರಿಗೆ ಇದೇ ಉತ್ತರ: ಓಲೆಯ ಯಾವ ಭಾಗ ಕಳಚಿಹೋಗುತ್ತದೆಯೋ ಆ ಭಾಗವನ್ನು ಚಿತ್ರ ತುಂಬುತ್ತದೆ. ನಮ್ಮ ದೇಶದ ತಂತಿ ಇಲಾಖೆಯೂ ಹಬ್ಬ, ಮದುವೆ, ಪರೀಕ್ಷೆಯ ಜಯ ಮುಂತಾದುವಕ್ಕೆ ಸಿದ್ಧ ಶುಭಾಶಯಗಳ ಪಟ್ಟಿಯಿಟ್ಟು ಒಂದೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿತ್ತು. ಕಳುಹಿಸುವವರು ಸಂಖ್ಯೆಯನ್ನು ಬರೆದರೆ ಪಡೆಯುವವರಿಗೆ ಪೂರ್ಣ ವಾಕ್ಯ ಸಿಕ್ಕುತ್ತಿತ್ತು. 2013ರ ಜುಲೈಯಲ್ಲಿ ತಂತಿ ನಿಂತಿತು. ಆ ವೇಳೆಗೆ ಸಿದ್ಧ ಶುಭಾಶಯದ ಸ್ಥಾನವನ್ನು ಚಿತ್ರಗಳು ಆಕ್ರಮಿಸಿದ್ದುವು.

2010ರಲ್ಲಿ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಅಕ್ಷರಸಂಹಿತೆ ತನ್ನ 6.0ನೆಯ ಆವೃತ್ತಿಯಲ್ಲಿ ಈ ಚಿತ್ರಗಳನ್ನು ಸ್ವೀಕರಿಸಿತು. ಅಂದಿನಿಂದ ಜಪಾನಿನ ಚಿತ್ರ ಸಾಗರಕ್ಕೂ ಸ್ಟುಟ್‌ಗಾರ್ಟಿಗೂ ಒಂದೇ ಆಯಿತು. ಆದರೆ ಅರ್ಥ ಒಂದಾಗಲಿಲ್ಲ. ಜೋಡಿಸಿದ ಕೈಗಳ ಚಿತ್ರವನ್ನೇ ನೋಡಿ: 🙏. ಸಂಹಿತೆಯಲ್ಲಿ ಅದರ ಹೆಸರು ‘ಕೈಮುಗಿದ ವ್ಯಕ್ತಿ’ ಎಂದಷ್ಟೆ. ಜಪಾನಿನಲ್ಲಿ ಅದು ಬೇಡಿಕೆ, ಕೃತಜ್ಞತೆ, ಕ್ಷಮಾಯಾಚನೆಗಳಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ಬಹುಮಟ್ಟಿಗೆ ಪ್ರಾರ್ಥನೆಯೆಂದು ತಿಳಿಯುತ್ತಾರೆ. ನಮ್ಮಲ್ಲಿ ಅದು ಸಾಕ್ಷಾತ್ ನಮಸ್ಕಾರ. ಹಳೆಯ ಕಾಗದದ ಮೊದಲ ಸಾಲಿಗೆ ಇಷ್ಟು ಸಮರ್ಪಕವಾಗಿ ಹೊಂದುವ ಚಿತ್ರ ಮತ್ತೊಂದಿಲ್ಲವಾದುದರಿಂದ ನಮ್ಮ ಹಿರಿಯರು ಅದನ್ನು ತಡವಿಲ್ಲದೆ ಒಪ್ಪಿಕೊಂಡರು. ತೊಡಕಿರುವುದು ದಿಕ್ಕಿನ ವಿಷಯದಲ್ಲಿ. ಆಶೀರ್ವಾದಕ್ಕೆ ತಕ್ಕ ಚಿತ್ರ ಆ ಭಂಡಾರದಲ್ಲಿ ಇಲ್ಲ. ಹಾಗಾಗಿ ಅಜ್ಜಿಯಂದಿರು ಕೆಲವರು ಎತ್ತಿದ ಅಂಗೈಯನ್ನು ಕಳುಹಿಸುತ್ತಾರೆ. ವಿದೇಶದಲ್ಲಿ ಬೆಳೆದ ಮಗು ಅದನ್ನು ‘ನಿಲ್ಲು’ ಎಂದು ಓದಿಕೊಳ್ಳುತ್ತದೆ. ಕೆಲವರು ಕಿರಿಯರಿಗೂ ಕೈಮುಗಿದ ಚಿತ್ರವನ್ನೇ ಕಳುಹಿಸುತ್ತಾರೆ. ‘ಅಜ್ಜಿ ನನಗೇಕೆ ಕೈಮುಗಿಯಬೇಕು?’ ಎಂದು ಸಂಪ್ರದಾಯ ಬಲ್ಲ ಮೊಮ್ಮಕ್ಕಳು ಮುಜುಗರಪಡುತ್ತಾರೆ. ಹೃದಯದ ಚಿತ್ರಕ್ಕೆ ದಿಕ್ಕೇ ಇಲ್ಲ; ಅದು ಸೊಸೆಯಿಂದ ಮಾವನಿಗೂ ಹೋಗಬಹುದು, ಮಾವನಿಂದ ಸೊಸೆಗೂ ಬರಬಹುದು. ಕೆಲವು ಮನೆಗಳಿಗೆ ಹೀಗೆ ದಿಕ್ಕಿಲ್ಲದಿರುವುದೇ ಸಂಕೋಚ, ಕೆಲವು ಮನೆಗಳಿಗೆ ಅದೇ ಬಿಡುಗಡೆ.

ಇನ್ನೆರಡು ಅಪಾರ್ಥಗಳನ್ನು ಇಲ್ಲಿಯೇ ಗುರುತಿಸಬಹುದು. ನಕ್ಕು ನಕ್ಕು ಕಣ್ಣೀರು ಬಂದ ಮುಖ (😂) ಸಣ್ಣ ಪರದೆಯ ಮೇಲೆ, ಮುಪ್ಪಿನ ಕಣ್ಣಿಗೆ, ಅಳುವ ಮುಖದಂತೆಯೇ ಕಾಣುತ್ತದೆ. ಸಾವಿನ ಸುದ್ದಿಗೆ ಅದು ಉತ್ತರವಾಗಿ ಹೋದಾಗ ಆಗುವ ನೋವು ಸಣ್ಣದಲ್ಲ. ಒಂದೇ ಚಿತ್ರವನ್ನು ಬೇರೆ ಬೇರೆ ಸಂಸ್ಥೆಗಳ ದೂರವಾಣಿಗಳು ಬೇರೆ ಬೇರೆಯಾಗಿ ಬಿಡಿಸಿ ತೋರಿಸುವುದರಿಂದ ನೋಡುವವರ ಅರ್ಥವೂ ಬೇರೆಯಾಗುತ್ತದೆಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು: ಒಂದೆಡೆ ಹಿಗ್ಗಾಗಿ ಕಂಡ ಮುಖ ಮತ್ತೊಂದೆಡೆ ಹಲ್ಲುಕಡಿಯುವ ಮುಖವಾಗಿ ಕಂಡಿತ್ತು. ಎರಡನೆಯದು ವಿರಾಮಚಿಹ್ನೆಗೆ ಸೇರಿದ್ದು. ಶಾಲೆಯಲ್ಲಿ ಕಲಿತಂತೆ ಹಿರಿಯರು ಪ್ರತಿ ವಾಕ್ಯಕ್ಕೂ ಪೂರ್ಣವಿರಾಮವಿಡುತ್ತಾರೆ. ಕಿರುಸಂದೇಶದಲ್ಲಿ ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮವಿಟ್ಟರೆ ಓದುವವರಿಗೆ ಅದು ಕಡಿಮೆ ಹೃತ್ಪೂರ್ವಕವೆನಿಸುತ್ತದೆಂದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಪರೀಕ್ಷೆಯೊಂದು 2015ರಲ್ಲಿ ಕಂಡುಕೊಂಡಿತು. ಕೈಬರಹದ ಚೀಟಿಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ತಾತನವರು ‘ಸರಿ.’ ಎಂದು ಬರೆದಾಗ ಅವರ ಮನಸ್ಸಿನಲ್ಲಿರುವುದು ವ್ಯಾಕರಣ. ಮೊಮ್ಮಗಳು ಓದುವುದು ಮುನಿಸು.

ಈಗ ಒಂದು ನಿದರ್ಶನವನ್ನು ಸಾಲು ಸಾಲಾಗಿ ಬಿಡಿಸಿ ನೋಡೋಣ. ಸಾಗರದ ಅಜ್ಜಿ ಸ್ಟುಟ್‌ಗಾರ್ಟಿನ ಮೊಮ್ಮಗನಿಗೆ ಜನವರಿಯ ಒಂದು ಮಧ್ಯಾಹ್ನ ಬರೆಯುತ್ತಾರೆನ್ನೋಣ: ‘ಚಿ. ಪುಟ್ಟಣ್ಣನಿಗೆ ಆಶೀರ್ವಾದಗಳು. ನಾವು ಕ್ಷೇಮ. ನಿನಗೆ ಊಟ ಆಯಿತೇ. ಅಲ್ಲಿ ಹಿಮ ಬೀಳುತ್ತಿದೆಯಂತೆ, ಕಿವಿಗೆ ಬಟ್ಟೆ ಕಟ್ಟಿಕೊ. ಮಗುವಿನ ಕೆಮ್ಮು ಹೇಗಿದೆ. ಅಜ್ಜಿ.’ ಅಲ್ಲಿ ಚಳಿಗಾಲದ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಆಗ ಬೆಳಗಿನ ಎಂಟರ ಸಮಯ. ಮೊಮ್ಮಗ ರೈಲಿನಲ್ಲಿ ನಿಂತು ಕಚೇರಿಗೆ ಹೋಗುತ್ತಿದ್ದಾನೆ. ಅವನು ಇಂಗ್ಲಿಷಿನಲ್ಲಿ ‘ಆಲ್ ಗುಡ್, ಥ್ಯಾಂಕ್ಸ್!’ ಎಂದು ಬರೆದು ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಸೇರಿಸಿ ಕಳುಹಿಸುತ್ತಾನೆ. ಅವನ ಕಚೇರಿಯ ರೂಢಿಯಲ್ಲಿ ಇದು ಸೌಜನ್ಯದ ಉತ್ತರ: ಕೃತಜ್ಞತೆಯಿದೆ, ಉತ್ಸಾಹದ ಚಿಹ್ನೆಯಿದೆ, ಸಮ್ಮತಿಯ ಚಿತ್ರವಿದೆ. ಅಜ್ಜಿಯ ದೃಷ್ಟಿಯಿಂದ ಅದೇ ಉತ್ತರವನ್ನು ನೋಡಿದರೆ ಐದು ಲೋಪಗಳು ಕಾಣುತ್ತವೆ. ‘ಅಜ್ಜಿ’ ಎಂಬ ಕರೆಯಿಲ್ಲ. ಆಶೀರ್ವಾದ ಇಳಿದು ಬಂದಾಗ ಏರಬೇಕಾದ ನಮಸ್ಕಾರವಿಲ್ಲ. ಊಟದ ಪ್ರಶ್ನೆಗೂ ಕೆಮ್ಮಿನ ಪ್ರಶ್ನೆಗೂ ಬೇರೆ ಬೇರೆ ಉತ್ತರವಿಲ್ಲ. ಮರಳಿ ಕೇಳಬೇಕಾದ ಕುಶಲಪ್ರಶ್ನೆಯಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಹೊರಗಿನವರಿಗೆ ಹೇಳುವ ‘ಥ್ಯಾಂಕ್ಸ್’ ಇದೆ. ಮನೆಯವರಿಗೆ ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಿದರೆ ನಡುವೆ ಒಂದು ಗೋಡೆಯನ್ನೆಬ್ಬಿಸಿದಂತೆಂದು ಆ ತಲೆಮಾರಿನವರ ಭಾವನೆ.

ಪ್ರತಿಯಾಗಿ ಅಜ್ಜಿಯ ಓಲೆಯನ್ನು ಮೊಮ್ಮಗನ ಜರ್ಮನ್ ಹೆಂಡತಿ ಹೇಗೆ ಕೇಳುತ್ತಾಳೆ? ಗಂಡ ಅದನ್ನು ಅನುವಾದಿಸಿ ಓದಿ ಹೇಳಿದಾಗ ಅವಳಿಗೆ ಕೇಳಿಸುವುದು ಕೆಲವು ಪ್ರಶ್ನೆಗಳು ಮತ್ತು ಒಂದು ಅಪ್ಪಣೆ. ಪ್ರಶ್ನೆಗಳು ತನಿಖೆಯಂತಿವೆ, ಅಪ್ಪಣೆಗೆ ‘ದಯವಿಟ್ಟು’ ಎಂಬುದಿಲ್ಲ, ಕೊನೆಯಲ್ಲಿ ‘ಲೀಬೆ ಗ್ರ್ಯೂಸೆ’ಗೆ ಸಮನಾದ ಸಿಹಿ ಮಾತೂ ಇಲ್ಲ, ‘ಅಜ್ಜಿ’ ಎಂಬ ಒಂದೇ ಪದ. ಬೆಳೆದ ಗಂಡಸಿಗೆ ಕಿವಿ ಮುಚ್ಚಿಕೊಳ್ಳಬೇಕೆಂದು ಹೇಳುವುದು ಅವಳ ನಾಡಿನ ಮರ್ಯಾದೆಯಲ್ಲಿ ಪರರ ಸ್ವಾತಂತ್ರ್ಯಕ್ಕೆ ಕೈ ಹಾಕಿದಂತೆ. ಆದರೆ ಆ ಓಲೆಯ ಬಿಸುಪೆಲ್ಲ ಇರುವುದು ಅನುವಾದದಲ್ಲಿ ಉದುರಿಹೋದ ‘ಚಿ.’ ಎಂಬ ಒಂದಕ್ಷರದಲ್ಲಿ, ‘ಪುಟ್ಟಣ್ಣ’ ಎಂಬ ಕರೆಯಲ್ಲಿ, ‘ಕಟ್ಟಿಕೊ’ ಎಂಬ ಏಕವಚನದ ವಿಧಿರೂಪದಲ್ಲಿ. ಕನ್ನಡದ ಅಜ್ಜಿ ಅಪ್ಪಣೆ ಕೊಡುವುದು ತನ್ನವರಿಗೆ ಮಾತ್ರ. ಅನ್ಯರಿಗೆ ಆಕೆ ‘ದಯವಿಟ್ಟು’ ಎನ್ನುತ್ತಾರೆ. ಮರುದಿನ ಆ ಸೊಸೆಯೇ ಇಂಗ್ಲಿಷಿನಲ್ಲಿ, ಪ್ರೀತಿಯ ಅಜ್ಜಿ, ತುಂಬ ತುಂಬ ಅಪ್ಪುಗೆ ಎಂದು ಬರೆದು ಮೂರು ಹೃದಯಗಳನ್ನಿಟ್ಟು ಕಳುಹಿಸಿದರೆ ಅಜ್ಜಿಗೆ ಸಂತೋಷವಾಗುವುದು ನಿಜ. ಮಗುವಿನ ಕೆಮ್ಮಿನ ಸಂಗತಿ ಮಾತ್ರ ಆಗಲೂ ತಿಳಿದಿರುವುದಿಲ್ಲ.

ತಿದ್ದುಪಡಿ ಕಷ್ಟವಾದುದಲ್ಲ. ಮೊಮ್ಮಗ ಅದೇ ರೈಲಿನಲ್ಲಿ ನಿಂತುಕೊಂಡೇ ‘ಅಜ್ಜಿ, ನಮಸ್ಕಾರ. ತಿಂಡಿ ಆಯ್ತು. ಟೋಪಿ ಹಾಕ್ಕೊಂಡಿದೀನಿ. ಮಗೂಗೆ ಕೆಮ್ಮು ಕಮ್ಮಿ. ನಿಮ್ಮ ಮಂಡಿನೋವು ಹೇಗಿದೆ? ಭಾನುವಾರ ಫೋನ್ ಮಾಡ್ತೀನಿ’ ಎಂದು ಬರೆಯಬಹುದಾಗಿತ್ತು. ಇದರಲ್ಲಿ ಪ್ರೀತಿಯೆಂಬ ಮಾತೂ ಇಲ್ಲ, ಚಿತ್ರವೂ ಇಲ್ಲ. ಆದರೂ ಅಜ್ಜಿ ಇದನ್ನು ನೆರೆಮನೆಯವರಿಗೆ ಓದಿ ಹೇಳುತ್ತಾರೆ. ಕರೆ, ನಮಸ್ಕಾರ, ಕೇಳಿದ್ದಕ್ಕೆ ಉತ್ತರ, ಮರುಪ್ರಶ್ನೆ, ಮುಂದಿನ ಭೇಟಿಯ ಮಾತು: ಹಳೆಯ ಕಾಗದದ ಅಂಗಗಳೇ ಇಲ್ಲಿ ಸಣ್ಣದಾಗಿ ಉಳಿದಿವೆ. ನಾವು ಹೊರಡುವಾಗಲೂ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವವರು. ಕೊನೆಯ ಸಾಲಿನಲ್ಲಿ ಮತ್ತೆ ಮಾತಾಡುವ ದಿನವನ್ನು ಹೇಳುವುದೇ ನಮ್ಮ ರೀತಿಯ ಮುಕ್ತಾಯ. ಓಲೆ ತಣ್ಣಗಾಯಿತೋ ಇಲ್ಲವೋ ಎಂಬುದನ್ನು ಅರಿಯುವ ಲಕ್ಷಣವೂ ಇದರಿಂದ ಸಿಕ್ಕುತ್ತದೆ: ಬಂಧುವಾಚಕ ಮಾಯವಾಗಿ, ಮರುಪ್ರಶ್ನೆ ನಿಂತುಹೋಗಿ, ಉತ್ತರಗಳೆಲ್ಲ ಒಂದೇ ಚಿತ್ರಕ್ಕೆ ಇಳಿದಾಗ ಹಿರಿಯರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಆಮೇಲೆ ಅವರಿಂದ ಬರುವುದು ಹೂವಿನ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರಗಳು ಮಾತ್ರ. ಈ ಚಿತ್ರಗಳು ನಮ್ಮ ದೇಶದ ದೂರವಾಣಿಗಳ ಉಗ್ರಾಣವನ್ನೇ ತುಂಬಿಬಿಡುತ್ತಿವೆಯೆಂದು 2018ರಲ್ಲಿ ವಿದೇಶದ ಪತ್ರಿಕೆಗಳು ಬರೆದುವು. ಕಿರಿಯರು ಅವುಗಳನ್ನು ನೋಡದೆಯೇ ಅಳಿಸುತ್ತಾರೆ. ಆದರೆ ಒಂಟಿಯಾಗಿರುವ ವೃದ್ಧರು ಅಂತಹ ಚಿತ್ರವನ್ನು ಕಳುಹಿಸುವುದು ‘ನಾನು ಇಂದು ಎದ್ದಿದ್ದೇನೆ, ಕ್ಷೇಮವಾಗಿದ್ದೇನೆ’ ಎಂಬುದಕ್ಕೆ. ಒಂದು ದಿನ ಅದು ಬಾರದಿದ್ದರೆ ವಿಚಾರಿಸತಕ್ಕದ್ದು.

ಇಷ್ಟು ಹೇಳಿದ ಮೇಲೆ ಈ ವಾದದ ಮಿತಿಗಳನ್ನೂ ಹೇಳಬೇಕು. ತಾಯ್ನುಡಿಯಲ್ಲಿ ಆಡಿದ ಪ್ರೀತಿಯ ಮಾತಿಗೆ ಎಲ್ಲರಲ್ಲಿಯೂ ಒಂದೇ ತೂಕವಿರುವುದಿಲ್ಲ. ಬಹುಭಾಷಿಕರ ಭಾವಜೀವನವನ್ನು ಅಧ್ಯಯನ ಮಾಡಿದ ಜಾನ್ ಮಾರ್ಕ್ ದವಾಲೆ ಎಂಬ ವಿದ್ವಾಂಸರು, ಪ್ರೇಮದ ಮಾತು ಅನೇಕರಿಗೆ ಮೊದಲ ಭಾಷೆಯಲ್ಲಿಯೇ ಭಾರವೆಂದೂ, ಕೆಲವರಿಗೆ ಎರಡರಲ್ಲಿಯೂ ಸಮವೆಂದೂ, ಮತ್ತೆ ಕೆಲವರಿಗೆ ಆಮೇಲೆ ಕಲಿತ ಭಾಷೆಯಲ್ಲಿ ಹೆಚ್ಚೆಂದೂ ಕಂಡರು. ಮನೆಯಲ್ಲಿ ಎಂದೂ ಬಾಯಿಬಿಟ್ಟು ಹೇಳದ ಮಾತನ್ನು ಇಂಗ್ಲಿಷಿನ ಮರೆಯಲ್ಲಿ ನಿಂತು ತಂದೆಗೆ ಹೇಳಿ ಹಗುರಾದ ಮಗಳೂ ಇದ್ದಾಳೆ. ಅವಳಿಗೆ ಆ ಪರಭಾಷೆಯೇ ಉಪಕಾರ ಮಾಡಿತು. ವಿದೇಶದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಮಂದಿ ಕನ್ನಡವನ್ನು ಆಡಬಲ್ಲರು, ಓದಲಾರರು. ಅವರಿಗೆ ರೋಮನ್ ಲಿಪಿಯಲ್ಲಿ ಬರೆದ ಕನ್ನಡವೇ ಗತಿ. ಅದರಲ್ಲಿ ಹ್ರಸ್ವದೀರ್ಘಗಳು ಕಲಸಿಹೋಗುತ್ತವೆ, ‘ಅಮ್ಮಾ’ ಎಂದು ಎಳೆದು ಕರೆದ ರಾಗ ಕಾಣುವುದಿಲ್ಲ; ಆದರೂ ‘ಬಂದ್ರಾ’, ‘ಬಂದ್ಯಾ’ಗಳ ಭೇದ ಉಳಿಯುತ್ತದೆ. ಲಿಪಿ ಹೋದರೂ ಕ್ರಿಯಾಪದದ ತುದಿ ಉಳಿಯುವುದು ದೊಡ್ಡ ಲಾಭ.

ಭಾಷೆಯಷ್ಟೇ ಅಲ್ಲ, ಮಾಧ್ಯಮದ ಆಯ್ಕೆಯೂ ಮಾತಾಡುತ್ತದೆ. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪ್ಪೀನ್ಸ್ ದೇಶದ ತಾಯಂದಿರನ್ನೂ ಊರಿನಲ್ಲಿ ಉಳಿದ ಅವರ ಮಕ್ಕಳನ್ನೂ ಕಂಡು ಮಾತಾಡಿ, ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ 2012ರಲ್ಲಿ ಪ್ರಕಟಿಸಿದ ಗ್ರಂಥದ ತಾತ್ಪರ್ಯ ಇದು: ದೂರವಾಣಿಯ ಕರೆಗೆ ಹಣ ತೆರಬೇಕಾಗಿದ್ದಾಗ ಓಲೆ ಚಿಕ್ಕದಾದರೆ ವೆಚ್ಚವನ್ನು ದೂರಬಹುದಾಗಿತ್ತು, ಎಲ್ಲ ಮಾಧ್ಯಮಗಳೂ ಬಹುಮಟ್ಟಿಗೆ ಪುಕ್ಕಟೆಯಾದ ಮೇಲೆ ಯಾವುದನ್ನು ಆರಿಸಿಕೊಂಡೆವೆಂಬುದಕ್ಕೆ ನಾವೇ ಹೊಣೆ. ನೀಲಿಯ ಏರೋಗ್ರಾಮಿನ ಅಂಚಿನವರೆಗೂ ಒತ್ತೊತ್ತಾಗಿ ಬರೆದ ಕಾಲದಲ್ಲಿ ಸ್ಥಳ ಸಾಲದೆಂಬುದು ನಿಜವಾದ ಕಾರಣವಾಗಿತ್ತು. ಇಂದು ಅದಿಲ್ಲ. ಟೈಪು ಮಾಡಲಾರದ ಅಜ್ಜಿಗೆ ಅರ್ಧ ನಿಮಿಷದ ಧ್ವನಿಸಂದೇಶವನ್ನು ಕಳುಹಿಸಬಹುದು; ಅಲ್ಲಿ ರಾಗವೂ ಉಳಿಯುತ್ತದೆ, ಓದುವ ಕನ್ನಡಕವೂ ಬೇಡ.

ಈ ಪ್ರಶ್ನೆಯನ್ನೆಲ್ಲ ಸುತ್ತಿ ಬಂದ ಮೇಲೆ ನಿಲ್ಲುವ ನಿರ್ಣಯ ಇಷ್ಟು. ಯಾವ ಭಾಷೆಯೂ ಸ್ವಭಾವತಃ ತಣ್ಣನೆಯದಲ್ಲ. ಒಂದು ಭಾಷೆಯ ಓಲೆಯನ್ನು ಮತ್ತೊಂದು ಭಾಷೆಯ ಕಣ್ಣಿನಿಂದ ಓದಿದಾಗ, ಇದ್ದ ಜಾಗದಲ್ಲಿ ನೋಡದೆ ಇಲ್ಲದ ಜಾಗದಲ್ಲಿ ಹುಡುಕಿದಾಗ, ತಣ್ಣಗೆ ಕಾಣುತ್ತದೆ. ಸಂಕೇತಚಿತ್ರ ಪದದ ಸ್ಥಾನವನ್ನು ಅಲಂಕರಿಸಬಲ್ಲುದು, ಸಂಬಂಧದ ದಿಕ್ಕನ್ನು ಹೇಳಲಾರದು. ಆದುದರಿಂದ ಕಡಲಾಚೆ ಇರುವ ನಮ್ಮ ಮಕ್ಕಳಲ್ಲಿ ನನ್ನ ವಿನಂತಿ: ಮಿಕ್ಕ ಸಂಗತಿಯನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ, ಎಷ್ಟು ಚಿತ್ರಗಳನ್ನಾದರೂ ಇಡಿ, ಆದರೆ ಮೊದಲಲ್ಲಿ ‘ಅಮ್ಮ’, ‘ಅಪ್ಪ’, ‘ಅಜ್ಜಿ’, ‘ದೊಡ್ಡಪ್ಪ’ ಎಂಬ ಕರೆಯನ್ನೂ, ಕೊನೆಯಲ್ಲಿ ಅವರ ಆರೋಗ್ಯವನ್ನು ಕುರಿತು ಒಂದು ಪ್ರಶ್ನೆಯನ್ನೂ ಬಿಡಬೇಡಿ. ಊರಿನಲ್ಲಿರುವ ಹಿರಿಯರಲ್ಲಿಯೂ ಅಷ್ಟೇ ವಿನಂತಿ: ಪರಭಾಷೆಯ ಮನೆಯಿಂದ ಬಂದ ಸೊಸೆಗೋ ಅಳಿಯನಿಗೋ ಬರೆಯುವಾಗ, ನೀವು ಕ್ರಿಯಾಪದದಲ್ಲಿ ಅಡಗಿಸಿಟ್ಟ ಮಮತೆ ಅವರಿಗೆ ಕಾಣುವುದಿಲ್ಲವೆಂಬುದನ್ನು ನೆನೆದು, ಓಲೆಯ ಕೊನೆಯಲ್ಲಿ ಅವರಿಗೆ ತಿಳಿಯುವ ಮಾತಿನಲ್ಲಿ ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿ.